ಬೆಳಕು ಯಾವ ಕಡೆಯಿಂದ? ಏಳು ನಿಮಿಷದ ಚಿತ್ರಕ್ಕೊಂದು ಮೂಡ್ ಬೋರ್ಡ್

ಮುಂಬೈನಲ್ಲಿ ಅನಿಮೇಷನ್ ಕೆಲಸದಲ್ಲಿದ್ದೇನೆ ಎಂದರೆ ಗದುಗಿನ ಕಡೆಯ ನಮ್ಮ ಬಂಧುಗಳು ‘ಕಾರ್ಟೂನ್ ಬಿಡಸ್ತಿ ಏನು?’ ಎಂದು ಕೇಳುತ್ತಾರೆ. ಹೌದು, ಬಿಡಿಸುತ್ತೇನೆ. ಆದರೆ ಮೊದಲ ಗೆರೆ ಎಳೆಯುವ ಮುನ್ನ ಚಿತ್ರ ಹೇಗೆ ಕಾಣಬೇಕೆಂದು ತೀರ್ಮಾನಿಸುವ ಕೆಲಸವೊಂದಿದೆ. ಅದು ಸರಿಯಾಗಿ ಆಗದಿದ್ದರೆ ಮುಂದೆ ಬಿಡಿಸಿದ್ದೆಲ್ಲ ಮತ್ತೆ ಬಿಡಿಸಬೇಕಾಗುತ್ತದೆ.

ಕಳೆದ ವರ್ಷ ನಾವು ಆರು ಮಂದಿ ಕೈಯಿಂದಲೇ ದುಡ್ಡು ಹಾಕಿ ಏಳು ನಿಮಿಷದ ಫ್ಯಾಂಟಸಿ ಚಿತ್ರವೊಂದಕ್ಕೆ ಇಳಿದೆವು. ಬತ್ತಿದ ಮೆಟ್ಟಿಲ ಬಾವಿಗೆ ಇಳಿಯುವ ಹುಡುಗಿಗೆ ತಳದಲ್ಲಿ ದೀಪಗಳ ಊರೊಂದು ಸಿಗುತ್ತದೆ; ಅಲ್ಲಿಂದ ಅವಳು ನೀರು ತರಬೇಕು. ಇಷ್ಟೇ ಕಥೆ. ನಿರ್ದೇಶಕಿ ಪುಣೆಯವರು, ಹಿನ್ನೆಲೆ ಬಿಡಿಸುವವರು ಹೈದರಾಬಾದ್ ಮತ್ತು ಚೆನ್ನೈನಲ್ಲಿ. ಒಂದೇ ಕೋಣೆಯಲ್ಲಿ ಕೂರುವ ಅನುಕೂಲವಿಲ್ಲ. ಚಿತ್ರದ ರೂಪ ನಿರ್ಧರಿಸುವ ಹೊಣೆ ನನ್ನ ಪಾಲಿಗೆ ಬಂತು.

ಮೊದಲ ಸಭೆಯಲ್ಲಿ ಎಲ್ಲರೂ ಒಪ್ಪಿದ್ದು ‘ಮಾಂತ್ರಿಕವಾಗಿರಬೇಕು’ ಎಂಬ ಒಂದೇ ಮಾತನ್ನು. ಆ ವಾರ ಎಲ್ಲರೂ ಕಳಿಸಿದ ಚಿತ್ರಗಳು ಸುಮಾರು ಮುನ್ನೂರು. ನೀಲಿ ಮಂಜು, ಹೊಳೆಯುವ ಅಣಬೆ, ತೇಲುವ ದ್ವೀಪ. ಒಂದೊಂದೂ ಚೆಂದ, ಆದರೆ ಒಟ್ಟಿಗೆ ಇಟ್ಟರೆ ಈಗಾಗಲೇ ಬಂದುಹೋದ ಹತ್ತು ಸಿನಿಮಾಗಳ ಪೋಸ್ಟರ್ ಅಂಗಡಿ. ಕಾರಣ ಸರಳ: ಹೆಚ್ಚಿನವು ಮುಗಿದ ಸಿನಿಮಾಗಳ ಫ್ರೇಮುಗಳು. ಮುಗಿದ ಸಿನಿಮಾ ನೋಡಿ ಬಿಡಿಸಿದರೆ ಆ ಸಿನಿಮಾದ ನೆರಳು ಸಿಗುತ್ತದೆಯೇ ಹೊರತು ನಮ್ಮದು ಹುಟ್ಟುವುದಿಲ್ಲ. ಐರ್ಲೆಂಡಿನ ಕಾರ್ಟೂನ್ ಸಲೂನ್ ಸ್ಟುಡಿಯೊ 2009ರ ‘ದಿ ಸೀಕ್ರೆಟ್ ಆಫ್ ಕೆಲ್ಸ್’ ಮಾಡುವಾಗ ತಮ್ಮ ನಾಡಿನ ಹಳೆಯ ಹಸ್ತಪ್ರತಿ ‘ಬುಕ್ ಆಫ್ ಕೆಲ್ಸ್’ನ ಚಿತ್ತಾರದಿಂದ ರೂಪ ಕಟ್ಟಿತು. ನಾವು ಅವರ ಸಿನಿಮಾವನ್ನು ನಕಲು ಮಾಡುವ ಬದಲು ಅವರು ಮಾಡಿದ್ದನ್ನೇ ಮಾಡಬೇಕಿತ್ತು, ಅಂದರೆ ಮೂಲಕ್ಕೆ ಹೋಗಬೇಕಿತ್ತು.

ಹಾಗಾಗಿ ಚಿತ್ರ ಹುಡುಕುವುದನ್ನು ನಿಲ್ಲಿಸಿ ಮಾತು ಬರೆದೆವು. ಕಣ್ಣಿಗೆ ಕಾಣುವ, ಕೈಗೆ ತಾಗುವ ಮೂರು ಮಾತು ಮಾತ್ರ: ಬಿಸಿಲಿಗೆ ಬಿಳಿಚಿದ ಕಲ್ಲು, ನೀರು ಇಳಿದ ಮೇಲೆ ಉಳಿದ ಪಾಚಿಗೆರೆ, ಒಳಗಿನಿಂದ ಬೆಳಗುವ ಮೈ. ಮುನ್ನೂರರಲ್ಲಿ ಈ ಮೂರಕ್ಕೆ ಉತ್ತರ ಕೊಡದ ಚಿತ್ರಗಳನ್ನೆಲ್ಲ ತೆಗೆದಾಗ ಇಪ್ಪತ್ತೂ ಉಳಿಯಲಿಲ್ಲ.

ಇಲ್ಲಿಂದ ಕೆಲಸವನ್ನು ಎರಡಾಗಿ ಒಡೆದೆ. ಮೂಡ್ ಬೋರ್ಡ್ ‘ಹೇಗೆ ಅನಿಸಬೇಕು’ ಎಂಬುದಕ್ಕೆ. ರೆಫರೆನ್ಸ್ ಸಂಗ್ರಹ ‘ಅದು ನಿಜವಾಗಿ ಹೇಗಿದೆ’ ಎಂಬುದಕ್ಕೆ. ಇವೆರಡು ಬೆರೆತರೆ ಚೆಂದದ ಬಣ್ಣಕ್ಕೆಂದು ಇಟ್ಟ ಫೋಟೊದಿಂದ ಯಾರೋ ಮೆಟ್ಟಿಲ ಅಳತೆ ತೆಗೆದಿರುತ್ತಾರೆ.

ಸಂಗ್ರಹಕ್ಕಾಗಿ ರಜೆಯಲ್ಲಿ ಲಕ್ಕುಂಡಿಗೆ ಹೋದೆ. ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಯನ್ನು ಬೆಳಿಗ್ಗೆ, ನಡುಮಧ್ಯಾಹ್ನ, ಸಂಜೆ ಮೂರು ಹೊತ್ತಿನಲ್ಲಿ ಒಂದೇ ಜಾಗದಿಂದ ಫೋಟೊ ತೆಗೆದೆ. ಗೋಡೆಯ ಪುಟ್ಟ ಗುಡಿಯಂಥ ಗೂಡುಗಳ ಪಕ್ಕ ಅಳತೆಗೆ ಒಂದು ಅಡಿಪಟ್ಟಿ ಇಟ್ಟೆ. ಫೈಲುಗಳನ್ನು ಎಲ್ಲಿ ಸಿಕ್ಕಿತು ಎನ್ನುವುದರ ಮೇಲೆ ಜೋಡಿಸದೆ, ಕಲಾವಿದರು ಕೇಳುವ ಪ್ರಶ್ನೆಯ ಮೇಲೆ ಜೋಡಿಸಿದೆ: ಬೆಳಕು, ವಸ್ತು, ಆಕಾರ, ಚಲನೆ. ಹೆಸರು ಹೀಗಿರುತ್ತಿತ್ತು:

```
light_well_noon_own_014.jpg
```

ಇದರಲ್ಲಿ `own` ಎಂಬುದು ಮುಖ್ಯ. ನಾವೇ ತೆಗೆದದ್ದು, ಅನುಮತಿ ಪಡೆದದ್ದು, ನೋಡಲಿಕ್ಕೆ ಮಾತ್ರ ಎಂಬ ಮೂರು ಗುರುತು ಇಟ್ಟಿದ್ದೆವು. ಇದಿಲ್ಲದಿದ್ದರೆ ಆರು ತಿಂಗಳ ಬಳಿಕ ಯಾರದೋ ಚಿತ್ರ ನಮ್ಮ ಹಿನ್ನೆಲೆಯೊಳಗೆ ಸೇರಿರುತ್ತದೆ, ಯಾರದೆಂದು ಹುಡುಕಲೂ ಆಗುವುದಿಲ್ಲ.

‘ಒಳಗಿನಿಂದ ಬೆಳಗುವ ಮೈ’ಗೆ ಮಾತ್ರ ಏನೂ ಸಿಕ್ಕಿರಲಿಲ್ಲ. ಅದಕ್ಕೆ ಉತ್ತರ ಕೊಟ್ಟದ್ದು ತೊಗಲುಗೊಂಬೆ. ಬಳ್ಳಾರಿ ಕಡೆಯ ಹಿರಿಯ ಕಲಾವಿದರೊಬ್ಬರು ಹದಮಾಡಿದ ತೊಗಲಿನ ಗೊಂಬೆಯನ್ನು ಕಿಟಕಿಗೆ ಅಡ್ಡ ಹಿಡಿದು ಹೇಳಿದರು: ‘ತಮ್ಮಾ, ಮುಂದಿಂದ ನೋಡಿದ್ರೆ ಇದು ಬರೇ ತೊಗಲು. ಹಿಂದೆ ಬೆಳಕಿದ್ರೇನೇ ಗೊಂಬಿ.’ ಕೆಂಪು, ಹಸಿರು ಬಣ್ಣ ಬೆಳಗಿತು, ಕೊರೆದ ರಂಧ್ರಗಳು ಒಡವೆಯಾದವು, ಕಪ್ಪು ಗೆರೆ ಇನ್ನಷ್ಟು ಕಪ್ಪಾಯಿತು.

ನಮ್ಮ ಚಿತ್ರದ ನಿಯಮ ಅಲ್ಲಿಂದ ಬಂತು. ಬಾವಿಯ ಮೇಲಿನ ಲೋಕದಲ್ಲಿ ಬೆಳಕು ಮೇಲಿನಿಂದ ಬೀಳುತ್ತದೆ, ಬಣ್ಣ ಬಿಳಿಚಿರುತ್ತದೆ, ನೆರಳು ಚೂಪಾಗಿರುತ್ತದೆ. ಕೆಳಗಿನ ಲೋಕದಲ್ಲಿ ಯಾವ ವಸ್ತುವಿನ ಮೇಲೂ ಮುಂದಿನಿಂದ ಬೆಳಕು ಬೀಳುವುದೇ ಇಲ್ಲ. ಎಲ್ಲ ಬೆಳಕೂ ಹಿಂದಿನಿಂದ. ಹಾಗಾಗಿ ಅಲ್ಲಿ ಮುಖದ ಮೇಲೆ ನೆರಳಿಲ್ಲ, ಆಕಾರ ತಿಳಿಯುವುದು ಅಂಚಿನಿಂದ ಮತ್ತು ರಂಧ್ರಗಳಿಂದ. ಗೊಂಬೆಗಳ ಆಕೃತಿಗಳು ಆ ಮನೆತನದ ಸೊತ್ತು. ನಾವು ತೆಗೆದುಕೊಂಡದ್ದು ಬೆಳಕಿನ ತತ್ವ ಮಾತ್ರ. ಫೋಟೊಗಳಿಗೆ ಅನುಮತಿ ಕೇಳಿ, ಗೌರವಧನ ಕೊಟ್ಟು, ಅವರ ಹೆಸರನ್ನು ಚಿತ್ರದ ಕೊನೆಯಲ್ಲಿ ಹಾಕಿದೆವು.

ಕೊನೆಯ ಬೋರ್ಡಿನಲ್ಲಿ ಇದ್ದದ್ದು ಹನ್ನೆರಡೇ ಚಿತ್ರ. ಪ್ರತಿಯೊಂದರ ಕೆಳಗೆ ಎರಡು ಸಾಲು: ಇದರಿಂದ ಏನು ತೆಗೆದುಕೊಳ್ಳಬೇಕು, ಏನು ಬೇಡ. ‘ಕಲ್ಲಿನ ಒರಟುತನ ಬೇಕು, ಹಳದಿ ಬಣ್ಣ ಬೇಡ’ ಎಂಬಂತೆ. ಬಣ್ಣವನ್ನು ಫೋಟೊದಿಂದ ನೇರವಾಗಿ ಹೀರಿ ತೆಗೆಯಬೇಡಿ ಎಂದೂ ಬರೆದೆವು. ಕ್ಯಾಮೆರಾ ತನ್ನ ಲೆಕ್ಕದಲ್ಲಿ ಬಣ್ಣ ತಿದ್ದಿರುತ್ತದೆ, ಪಕ್ಕದ ಬಣ್ಣದಿಂದ ಬೇರೆ ಮಾಡಿದರೆ ಅದು ಸತ್ತಂತೆ ಕಾಣುತ್ತದೆ. ಬೋರ್ಡನ್ನು ಬೆರಳುಗಾತ್ರಕ್ಕೆ ಕುಗ್ಗಿಸಿ, ಬಣ್ಣ ತೆಗೆದು ಕಪ್ಪುಬಿಳುಪಲ್ಲಿ ನೋಡಿದೆವು. ಆಗಲೂ ಎರಡು ಲೋಕ ಬೇರೆ ಬೇರೆ ಕಂಡವು. ಕಥೆ ಗೊತ್ತಿಲ್ಲದ ಗೆಳತಿಯೊಬ್ಬಳಿಗೆ ತೋರಿಸಿದಾಗ ಅವಳು ಹೇಳಿದ್ದು ‘ಬಾಯಾರಿಕೆ, ದೀಪ, ಹೆದರಿಕೆ’. ‘ಮಾಂತ್ರಿಕ’ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ನಮಗೆ ಅದೇ ನೆಮ್ಮದಿ.

ಬೋರ್ಡ್ ಇಷ್ಟಕ್ಕೇ ಮುಗಿದರೆ ರೂಪ ಗಟ್ಟಿಯಾದಂತಲ್ಲ. ಅದರ ಆಧಾರದಲ್ಲಿ ಮೂರು ಪೂರ್ಣ ಚಿತ್ರ ಬಿಡಿಸಿದೆವು: ಮೇಲಿನ ಲೋಕ, ಕೆಳಗಿನದು, ಹುಡುಗಿ ಮೆಟ್ಟಿಲಿಳಿಯುವ ನಡುವಿನ ಹಂತ. ತಾಪತ್ರಯ ಬಂದದ್ದು ಮೂರನೆಯದರಲ್ಲಿ. ಮೇಲಿನ ಬೆಳಕು ಎಲ್ಲಿ ನಿಂತು ಹಿಂದಿನ ಬೆಳಕು ಎಲ್ಲಿ ಶುರುವಾಗಬೇಕು? ಉತ್ತರ ಸಂಗ್ರಹದಲ್ಲೇ ಇತ್ತು. ಮಧ್ಯಾಹ್ನದ ಫೋಟೊಗಳಲ್ಲಿ ಬಿಸಿಲು ಒಂದು ಮೆಟ್ಟಿಲ ಅಂಚಿನಲ್ಲಿ ಕತ್ತರಿಸಿದಂತೆ ನಿಂತಿತ್ತು. ಆ ಗೆರೆಯನ್ನೇ ಗಡಿ ಮಾಡಿದೆವು. ಅದನ್ನು ದಾಟಿದ ಕೂಡಲೇ ಹುಡುಗಿಯ ನೆರಳು ಮಾಯ.

ಈ ಮೂರು ಚಿತ್ರಕ್ಕೆ ಒಪ್ಪಿಗೆ ಸಿಕ್ಕ ದಿನ ಬೋರ್ಡಿಗೆ ಬೀಗ. ಹೊಸದೊಂದು ಬರಬೇಕೆಂದರೆ ಹಳೆಯದೊಂದು ಹೋಗಬೇಕು. ಆದರೂ ಕೈಗಳು ಮೆಲ್ಲಗೆ ದಾರಿ ತಪ್ಪುತ್ತವೆ. ಅದಕ್ಕೆ ಪ್ರತಿ ಶನಿವಾರ ಮುಗಿದ ಎಲ್ಲ ಶಾಟುಗಳ ಒಂದೊಂದು ಫ್ರೇಮನ್ನು ಚಿಕ್ಕದಾಗಿ ಒಂದೇ ಹಾಳೆಯಲ್ಲಿಟ್ಟು ನೋಡುತ್ತಿದ್ದೆವು. ಒಮ್ಮೆ ಹೀಗೆ ನೋಡುವಾಗ ಕೆಳಲೋಕದ ಒಂದು ಮುಖ ಮಾತ್ರ ದುಂಡಗೆ ಉಬ್ಬಿ ಕಂಡಿತು. ಕೆನ್ನೆಯ ಮೇಲೆ ಯಾರೋ ಬೆಳಕು ಹಾಕಿದ್ದರು. ಬಿಡಿಯಾಗಿ ನೋಡಿದರೆ ಅದೇ ಎಲ್ಲಕ್ಕಿಂತ ಚೆಂದದ ಚಿತ್ರ. ಬಿಡಿಸಿದವರಿಗೆ ಫೋನ್ ಮಾಡಿದೆ. ‘ಸರ್, ನಿಯಮ ಗೊತ್ತಿತ್ತು, ಆದ್ರೆ ತುಂಬಾ ಖಾಲಿ ಅನಿಸ್ತು’ ಎಂದರು. ಕೆನ್ನೆಯ ಬೆಳಕು ತೆಗೆದು ಕಿವಿಯ ಅಂಚಿಗೆ ನಾಲ್ಕು ರಂಧ್ರ ಕೊರೆದೆವು. ಖಾಲಿತನ ಹೋಯಿತು, ನಿಯಮ ಉಳಿಯಿತು.

ನಿಂತ ಚಿತ್ರಗಳ ಬೋರ್ಡಿಗೆ ಹೇಳಲಾಗದ್ದು ಒಂದೇ, ಚಲನೆ. ಅದಕ್ಕೆ ಗೊಂಬೆಯಾಟದ ವಿಡಿಯೊಗಳನ್ನು ನೋಡಿ ಇನ್ನೊಂದು ನಿಯಮ ಸೇರಿಸಿದೆವು. ಮೇಲಿನ ಲೋಕದಲ್ಲಿ ಸೆಕೆಂಡಿಗೆ 24 ಚಿತ್ರ, ಕೆಳಗೆ 12. ಅಲ್ಲಿ ಕೈಕಾಲು ಕೀಲಿನಿಂದ ಮಾತ್ರ ತಿರುಗುತ್ತದೆ, ಬಾಗುವುದಿಲ್ಲ. ಕೊನೆಯ ಶಾಟಿನಲ್ಲಿ ಹುಡುಗಿ ಕೊಡ ಹೊತ್ತು ಆ ಬಿಸಿಲ ಗೆರೆ ದಾಟುತ್ತಾಳೆ, ಅವಳ ನೆರಳು ಮೆಟ್ಟಿಲ ಮೇಲೆ ಮರಳಿ ಬೀಳುತ್ತದೆ. ಅವಳು ಊರಿಗೆ ಬಂದಳೆಂದು ತಿಳಿಸಲು ನಮಗೆ ಒಂದು ಮಾತೂ ಬೇಕಾಗಲಿಲ್ಲ.