‘ಗಜಿಬಿಜಿಯಾಗಿದೆ’ ಎಂದರೆ ಸಾಲದು

ಮನೆಮನೆಗೆ ಸಾಮಾನು ತಲುಪಿಸುವ ಒಂದು ಕಂಪನಿ ಎಂದುಕೊಳ್ಳಿ. ಕಿರಿಯ ಅನಲಿಸ್ಟ್ ಒಬ್ಬರು ಡೆಲಿವರಿ ಲೆಕ್ಕದ ಡ್ಯಾಶ್‌ಬೋರ್ಡಿನ ಕರಡನ್ನು ಹಿರಿಯರಿಗೆ ಕಳಿಸಿದ್ದಾರೆ. ಒಂದೇ ಪರದೆಯಲ್ಲಿ 14 ಚಾರ್ಟುಗಳಿವೆ, ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ. ‘ತುಂಬಾ ಗಜಿಬಿಜಿ, ಸ್ವಲ್ಪ ಸರಿಮಾಡಿ’ ಎಂದಷ್ಟೇ ಉತ್ತರ ಬಂದರೆ ಕಿರಿಯರು ಬಣ್ಣ ಬದಲಿಸಿ ಅದನ್ನೇ ಮತ್ತೆ ಕಳಿಸುತ್ತಾರೆ. ಈ ಚಾರ್ಟು ನೋಡಿದವರು ಏನೆಂದು ತಪ್ಪು ತಿಳಿಯುತ್ತಾರೆ, ಇದರ ಜಾಗದಲ್ಲಿ ಏನಿರಬೇಕು ಎಂಬುದನ್ನು ಬಿಡಿಸಿ ಹೇಳಿದ ಇಮೇಲ್ ಮಾತ್ರ ಕೆಲಸಕ್ಕೆ ಬರುತ್ತದೆ.

ಅಂಥ ಇಮೇಲ್ ಓದುಗರಿಂದ ಶುರುವಾಗುತ್ತದೆ: ‘ಇದನ್ನು ದಿನಾ ಬೆಳಿಗ್ಗೆ ತೆರೆಯುವವರು ಆಪರೇಷನ್ಸ್ ಮ್ಯಾನೇಜರ್. ಯಾವ ಗೋಡೌನಿನಿಂದ ಮಾಲು ತಡವಾಗುತ್ತಿದೆ ಅನ್ನುವುದು ಅವರಿಗೆ ಮೊದಲು ಗೊತ್ತಾಗಬೇಕು. ಅದಕ್ಕೆ ಉತ್ತರ ಕೊಡದ ಚಾರ್ಟುಗಳನ್ನೆಲ್ಲ ಎರಡನೇ ಪುಟಕ್ಕೆ ಹಾಕಿ.’ ಅರ್ಧ ಗಜಿಬಿಜಿ ಇಲ್ಲಿಗೇ ಕರಗುತ್ತದೆ.

ಮುಂದಿನ ಮಾತು ಪೈ ಚಾರ್ಟಿನದು. ಒಂಬತ್ತು ಗೋಡೌನುಗಳ ದೂರುಗಳನ್ನು ಒಂಬತ್ತು ಹೋಳುಗಳಲ್ಲಿ ತೋರಿಸಲಾಗಿದೆ. ಶೇ 12ರ ಹೋಳು ಯಾವುದು, ಶೇ 14ರದು ಯಾವುದು ಎಂದು ಬರಿಗಣ್ಣಿಗೆ ತಿಳಿಯದು. ಒಂದೇ ಗೆರೆಯಿಂದ ಹೊರಟ ಪಟ್ಟಿಗಳ ತುದಿಯನ್ನು ನಾವು ಕೋನಗಳಿಗಿಂತ ನಿಖರವಾಗಿ ಹೋಲಿಸುತ್ತೇವೆ ಎಂದು ಅಮೆರಿಕದ ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಹಾಗಾಗಿ ಹಿರಿಯರ ಸಲಹೆ ಹೀಗಿದೆ: ‘ಅಡ್ಡಪಟ್ಟಿ ಹಾಕಿ, ಹೆಚ್ಚು ದೂರಿನ ಗೋಡೌನು ಮೇಲಿರಲಿ.’

ಮೂರನೆಯದು ಸೂಕ್ಷ್ಮವಾದದ್ದು. ಸಮಯಕ್ಕೆ ತಲುಪಿದ ಆರ್ಡರು ಒಂದು ಗೋಡೌನಿನಲ್ಲಿ ಶೇ 92, ಇನ್ನೊಂದರಲ್ಲಿ ಶೇ 96. ಚಾರ್ಟಿನ ಅಳತೆ 90ರಿಂದ ಶುರುವಾಗಿರುವುದರಿಂದ ಎರಡನೇ ಪಟ್ಟಿ ಮೊದಲನೆಯದರ ಮೂರರಷ್ಟು ಎತ್ತರ ಕಾಣುತ್ತದೆ. ಪಟ್ಟಿಯ ಉದ್ದವೇ ಅದರ ಬೆಲೆಯಾದ್ದರಿಂದ ಸೊನ್ನೆಯಿಂದಲೇ ಶುರುಮಾಡಬೇಕು. ಆದರೆ ಹಾಗೆ ಮಾಡಿದರೆ ಎರಡೂ ಒಂದೇ ಎತ್ತರ ಅನ್ನಿಸುತ್ತವೆ. ಹಿರಿಯರ ಅನುಭವ ನೆರವಿಗೆ ಬರುವುದು ಇಲ್ಲೇ: ‘ಸಮಯಕ್ಕೆ ತಲುಪಿದ್ದರ ಬದಲು ತಡವಾದದ್ದನ್ನು ತೋರಿಸಿ.’ ಆಗ ಶೇ 8 ಮತ್ತು ಶೇ 4 ಸೊನ್ನೆಯಿಂದಲೇ ಹೊರಟರೂ ಒಂದು ಇನ್ನೊಂದರ ಎರಡರಷ್ಟಿರುತ್ತದೆ. ಕಂಡದ್ದೂ ನಿಜ, ಲೆಕ್ಕವೂ ನಿಜ.

ಕೊನೆಯ ಸಲಹೆ ಅದೇ ಪಟ್ಟಿಯ ಬಗ್ಗೆ: ‘ಪಕ್ಕದಲ್ಲಿ ಆರ್ಡರುಗಳ ಸಂಖ್ಯೆ ಹಾಕಿ.’ ಶೇ 8 ಬಂದಿರುವ ಗೋಡೌನು ಚಿಕ್ಕದು, 25 ಆರ್ಡರುಗಳಲ್ಲಿ ಎರಡು ತಡವಾಗಿವೆ. ಶೇ 4ರದು ದೊಡ್ಡದು, ಅಲ್ಲಿ 5,000 ಆರ್ಡರುಗಳಲ್ಲಿ 200 ತಡ. ಸಂಖ್ಯೆ ಇಲ್ಲದಿದ್ದರೆ ಮ್ಯಾನೇಜರ್ ಎರಡು ಪಾರ್ಸೆಲ್ಲುಗಳ ವಿಚಾರಣೆಗೆ ಓಡುತ್ತಾರೆ, ಇನ್ನೂರು ಗಿರಾಕಿಗಳು ಕಾಯುತ್ತಲೇ ಇರುತ್ತಾರೆ.