ಅಜ್ಜಿ ಒಬ್ಬರು, ನಾಯಿ ಒಂದು

ಎಲ್‌ಕೆಜಿಯಲ್ಲಿ ‘ನನ್ನ ಕುಟುಂಬ’ದ ವಾರ ಬಂತೆಂದರೆ ಸಾಮಾನ್ಯವಾಗಿ ಗೋಡೆಗೆ ಒಂದು ಚಾರ್ಟ್ ಏರುತ್ತದೆ. ಅದರಲ್ಲಿ ಅಪ್ಪ, ಅಮ್ಮ, ಒಬ್ಬ ಹುಡುಗ, ಒಬ್ಬಳು ಹುಡುಗಿ, ಹಿಂದೆ ಕನ್ನಡಕ ಹಾಕಿದ ಅಜ್ಜ. ಭಾಷೆಯ ಹೊತ್ತಿನಲ್ಲಿ ‘ಅಮ್ಮ’ ತಿದ್ದುವುದು, ಲೆಕ್ಕದಲ್ಲಿ ಎಂದಿನ ಒಂದರಿಂದ ಹತ್ತು, ಚಿತ್ರಕಲೆಯಲ್ಲಿ ಅಚ್ಚು ಹಾಕಿದ ಮನೆಗೆ ಬಣ್ಣ ತುಂಬುವುದು. ಮೂರೂ ಮೂರು ದಾರಿ. ಕುಟುಂಬ ಮಾತ್ರ ಗೋಡೆಯ ಮೇಲೇ ಉಳಿದುಬಿಡುತ್ತದೆ.

ಒಂದು ವಿಷಯವನ್ನು ವಾರವಿಡೀ ಹಿಡಿದು ಕಲಿಸುವುದು ನಮ್ಮಲ್ಲಿ ಹೊಸದಲ್ಲ. ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೂ ಇದಕ್ಕೆ ಜಾಗವಿದೆ. ತೊಡಕಿರುವುದು ಜೋಡಣೆಯಲ್ಲಿ. ಕನ್ನಡದ ಮಟ್ಟಿಗೆ ಆ ಜೋಡಣೆಯನ್ನು ಹೊರಗಿನಿಂದ ತರಬೇಕಾಗಿಲ್ಲ, ಭಾಷೆಯೇ ಅರ್ಧ ಕೆಲಸ ಮಾಡಿಟ್ಟಿದೆ. ಪೆನ್ಸಿಲನ್ನು ನಾವು ‘ಒಂದು, ಎರಡು, ಮೂರು’ ಎಂದು ಎಣಿಸುತ್ತೇವೆ. ಮನೆಯವರನ್ನು ‘ಒಬ್ಬರು, ಇಬ್ಬರು, ಮೂವರು, ನಾಲ್ವರು, ಐವರು’ ಎನ್ನುತ್ತೇವೆ. ಅಲ್ಲಿಂದಾಚೆಗೆ ಆಡುಮಾತು ‘ಆರು ಜನ, ಏಳು ಜನ’ಕ್ಕೆ ಇಳಿಯುತ್ತದೆ. ಮನೆಮಂದಿಯನ್ನು ಎಣಿಸಲು ಹೊರಟ ಮಗು ಲೆಕ್ಕ ಮಾಡುತ್ತಲೇ ವ್ಯಾಕರಣವನ್ನೂ ಕಲಿಯುತ್ತಿರುತ್ತದೆ.

ಇಪ್ಪತ್ತು ಮಕ್ಕಳ, ನಾಲ್ಕೈದು ವರ್ಷದವರ ಒಂದು ತರಗತಿಯನ್ನು ಇಟ್ಟುಕೊಂಡು ವಾರವನ್ನು ಹೆಣೆಯೋಣ. ಬೇಕಾದ ಸಾಮಾನು ಕಡಿಮೆ: ನೂರೈವತ್ತು ಖಾಲಿ ಬೆಂಕಿಪೆಟ್ಟಿಗೆ, ಒಂದು ಡಬ್ಬ ಬಾಟಲಿ ಮುಚ್ಚಳ, ಸ್ವಲ್ಪ ಜೇಡಿಮಣ್ಣು, ಕ್ರೆಯಾನ್, ದೊಡ್ಡ ಹಾಳೆ. ಹುಣಸೆಬೀಜವೂ ನಡೆಯುತ್ತದೆ, ಆದರೆ ಮೂರು ವರ್ಷದವರಿರುವ ಕಡೆ ಬೇಡ. ಬೀಜ ಮೂಗಿಗೆ ಹೋಗಲು ಅರೆಕ್ಷಣ ಸಾಕು.

ಸೋಮವಾರ ಬರೀ ಮಾತು. ಶಿಕ್ಷಕಿ ‘ನಿಮ್ಮಪ್ಪ ಏನು ಕೆಲಸ ಮಾಡ್ತಾರೆ?’ ಎಂದು ಶುರು ಮಾಡಬಾರದು. ಅಪ್ಪನಿಲ್ಲದ ಮಗು ಆ ಕ್ಷಣವೇ ವಾರದಿಂದ ಹೊರಬೀಳುತ್ತದೆ. ಫೋಟೊ ತರಲು ಹೇಳಿದರೂ ಅದೇ ಕಥೆ. ‘ರಾತ್ರಿ ನಿಮ್ಮನೇಲಿ ಯಾರ್ಯಾರು ಊಟ ಮಾಡ್ತೀರಿ?’ ಎಂದು ಕೇಳಿದರೆ ಅಜ್ಜಿಯ ಮನೆಯಲ್ಲಿ ಬೆಳೆಯುವ ಮಗುವಿಗೂ ಉತ್ತರವಿರುತ್ತದೆ. ಉತ್ತರಗಳು ಒಂದೇ ಪದದಲ್ಲಿ ಬರುವುದಿಲ್ಲ: ಅಮ್ಮ, ಅವ್ವ, ಅಮ್ಮಿ. ಮಂಗಳೂರಿನ ಕಡೆಯ ತರಗತಿಯಾದರೆ ಶಿಕ್ಷಕಿ ಇನ್ನೂ ಎಚ್ಚರವಾಗಿರಬೇಕು. ತುಳುವಿನಲ್ಲಿ ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ! ತಿದ್ದಲು ಹೋಗದೆ ಎಲ್ಲ ಪದಗಳನ್ನೂ ಹಲಗೆಯ ಮೇಲೆ ಬರೆದಿಡುವುದು ಮೇಲು.

ಮಂಗಳವಾರ ಎಣಿಕೆ. ಮನೆಯ ಒಬ್ಬೊಬ್ಬರಿಗೂ ಒಂದೊಂದು ಮುಚ್ಚಳ, ಅದೇ ಅವರ ತಟ್ಟೆ. ಒಂದು ಮಗುವಿನ ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ಅಕ್ಕ ಮತ್ತು ತಾನು ಇದ್ದೇವೆ ಎಂದುಕೊಳ್ಳೋಣ. ಅದು ನಾಲ್ಕೇ ಮುಚ್ಚಳ ಇಡುತ್ತದೆ. ಎಣಿಕೆ ಬಾರದೆ ಅಲ್ಲ, ತನ್ನನ್ನು ತಾನು ಬಿಟ್ಟುಬಿಟ್ಟಿದೆ. ಈ ವಯಸ್ಸಿನಲ್ಲಿ ಇದು ತೀರಾ ಸಹಜ. ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1920ರ ದಶಕದಲ್ಲಿ ಮಕ್ಕಳಿಗೆ ಅಣ್ಣತಮ್ಮಂದಿರ ಕುರಿತು ಕೇಳಿದ ಪ್ರಶ್ನೆಗಳಲ್ಲೂ ಇಂಥದ್ದೇ ಕಂಡಿತ್ತು. ತನಗೊಬ್ಬ ಅಣ್ಣ ಇದ್ದಾನೆ ಎನ್ನುವ ಮಗುವಿಗೆ, ಆ ಅಣ್ಣನಿಗೆ ತಾನೇ ತಮ್ಮ ಎಂಬುದು ಹೊಳೆಯುವುದಿಲ್ಲ. ‘ತಪ್ಪು, ಐದು’ ಎಂದರೆ ಪ್ರಯೋಜನವಿಲ್ಲ. ‘ನಿನ್ನ ತಟ್ಟೆ ಎಲ್ಲಿ? ನೀನು ಊಟ ಮಾಡಲ್ವಾ?’ ಎಂದರೆ ಸಾಕು, ಐದನೆಯ ಮುಚ್ಚಳ ತಾನಾಗಿ ಬರುತ್ತದೆ.

ಇನ್ನೊಂದು ಪರೀಕ್ಷೆ ಇಲ್ಲೇ ಇದೆ. ಮಗು ಐದೂ ಮುಚ್ಚಳ ಮುಟ್ಟಿ ಎಣಿಸಿದ ಮೇಲೆ ‘ಹಾಗಾದ್ರೆ ಒಟ್ಟು ಎಷ್ಟು ಜನ?’ ಎಂದು ಕೇಳಬೇಕು. ‘ಐದು’ ಎಂದರೆ ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಮೊತ್ತ ಎಂಬುದು ಅದಕ್ಕೆ ಗೊತ್ತಿದೆ. ಮತ್ತೆ ‘ಒಂದು, ಎರಡು…’ ಎಂದು ಮೊದಲಿನಿಂದ ಶುರುಮಾಡಿದರೆ ಸಂಖ್ಯೆಗಳು ಇನ್ನೂ ಪದ್ಯದ ಹಾಗೆ ಬಾಯಿಪಾಠವಾಗಿವೆಯಷ್ಟೆ. ಅಂಥ ಮಗುವಿಗೆ ಆ ವಾರ ಹತ್ತರವರೆಗೆ ಓಡುವ ಬದಲು ಮೂರು ಮುಚ್ಚಳವೇ ಸಾಕು.

ನಾಯಿಯ ವಿಷಯ ಬರುವುದೂ ಇದೇ ದಿನ. ಯಾರಾದರೊಬ್ಬರು ನಾಯಿಗೂ ತಟ್ಟೆ ಇಟ್ಟೇ ಇಡುತ್ತಾರೆ. ಬಿಡಿಸಬಾರದು. ‘ಅಜ್ಜಿ ಒಬ್ಬರು. ನಾಯಿ?’ ‘ಒಬ್ಬರು!’ ತರಗತಿ ನಗುತ್ತದೆ. ‘ನಾಯಿ ಒಂದು’. ಹಾಗಾದರೆ ‘ಅಜ್ಜಿ ಒಂದು’ ಎನ್ನಬಹುದೇ? ಇನ್ನೂ ಜೋರಾಗಿ ನಗುತ್ತದೆ. ಕನ್ನಡ ಮನೆಮಾತಾದ ಮಕ್ಕಳಿಗೆ ಇದು ಕಿವಿಯಲ್ಲಿ ಆಗಲೇ ಇರುತ್ತದೆ, ಬೇರೆ ಮನೆಮಾತಿನವರು ಈ ನಗುವಿನಿಂದ ಕಲಿಯುತ್ತಾರೆ.

ಬುಧವಾರ ಬೆಂಕಿಪೆಟ್ಟಿಗೆ. ಪ್ರತಿ ಮಗು ಮನೆಯಲ್ಲಿರುವಷ್ಟು ಜನಕ್ಕೆ ಒಂದರ ಮೇಲೊಂದು ಪೆಟ್ಟಿಗೆ ಪೇರಿಸುತ್ತದೆ. ಇಪ್ಪತ್ತು ಗೋಪುರಗಳನ್ನು ಸಾಲಾಗಿ ನಿಲ್ಲಿಸಿದರೆ ಎತ್ತರವೇ ಸಂಖ್ಯೆಯಾಗಿ ಕಾಣುತ್ತದೆ. ಕೆಲವರು ಪೆಟ್ಟಿಗೆಯನ್ನು ಮಲಗಿಸಿ, ಕೆಲವರು ನಿಲ್ಲಿಸಿ ಪೇರಿಸಿದರೆ ಮೂವರ ಮನೆ ಐವರ ಮನೆಗಿಂತ ಎತ್ತರವಾಗಿಬಿಡುತ್ತದೆ. ಇದನ್ನು ಮೊದಲೇ ತಡೆಯುವುದಕ್ಕಿಂತ ಒಮ್ಮೆ ಆಗಲು ಬಿಡುವುದು ಒಳ್ಳೆಯದು. ಜಗಳವಾಡಿಕೊಂಡು ಮಕ್ಕಳೇ ಕಾರಣ ಹುಡುಕುತ್ತಾರೆ.

ಗುರುವಾರ ಧ್ವನಿಯ ಆಟ. ಕುಟುಂಬದ ಪದಗಳು ಸುಲಭವೆಂದು ಅಂದುಕೊಂಡು ಬರೆಯಲು ಕೊಡುವುದೇ ಈ ವಾರದ ದೊಡ್ಡ ಎಡವಟ್ಟು. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಅತ್ತೆ ಎಲ್ಲಕ್ಕೂ ಒತ್ತಕ್ಷರ ಬೇಕು. ಬಾಯಿಗೆ ಮೊದಲು ಬರುವ ಪದಗಳು ಕೈಗೆ ತಡವಾಗಿ ಬರುತ್ತವೆ. ಕಿವಿಗಾದರೋ ಇಂಥ ಹಬ್ಬ ಬೇರೆ ಸಿಗದು. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅವ್ವ: ಚೌಕಟ್ಟು ಒಂದೇ, ನಡುವಿನ ಧ್ವನಿಯಷ್ಟೇ ಬದಲು. ಶಿಕ್ಷಕಿ ‘ಅಪ್ಪ’ ಎಂದಾಗ ಕೂರುವುದು, ‘ಅಕ್ಕ’ ಎಂದಾಗ ಏಳುವುದು. ಆಮೇಲೆ ಚಪ್ಪಾಳೆ: ಅಮ್ಮನಿಗೆ ಎರಡು, ಚಿಕ್ಕಪ್ಪನಿಗೆ ಮೂರು, ಸೋದರಮಾವನಿಗೆ ಐದು. ‘ಉದ್ದದ ಮಾವ’ ಎಂದು ಮಕ್ಕಳೇ ಹೆಸರಿಟ್ಟಾರು.

ಶುಕ್ರವಾರ ಚಿತ್ರ. ನಾಲ್ಕು ವರ್ಷದವರು ಬರೆಯುವ ಮನುಷ್ಯನಿಗೆ ಹೊಟ್ಟೆ ಇರುವುದಿಲ್ಲ. ದೊಡ್ಡ ತಲೆಯಿಂದಲೇ ಎರಡು ಕಾಲು ಇಳಿಯುತ್ತವೆ. ಅದು ಬೆಳವಣಿಗೆಯ ಒಂದು ಮೆಟ್ಟಿಲು, ತಪ್ಪಲ್ಲ. ಹಾಳೆಯಲ್ಲಿ ಅಮ್ಮ ಮನೆಗಿಂತ ದೊಡ್ಡವಳಾಗಿರಬಹುದು. ಈ ವಯಸ್ಸಿನ ಚಿತ್ರದಲ್ಲಿ ಗಾತ್ರ ಅಳತೆಯನ್ನೇ ಹೇಳಬೇಕೆಂದಿಲ್ಲ. ಆದರೆ ಅದನ್ನು ನೋಡಿ ಮನೆಯ ಗುಟ್ಟು ಊಹಿಸಲು ಹೋಗುವುದೂ ಬೇಡ. ‘ಇವರ ಬಗ್ಗೆ ಹೇಳು’ ಎಂದು ಕೇಳಿ, ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಚಿತ್ರದ ಕೆಳಗೆ ಬರೆದುಕೊಡಬೇಕು: ‘ಅಜ್ಜಿ ಎಲೆ ಅಡಿಕೆ ಕುಟ್ತಾ ಕೂತಿದ್ದಾಳೆ’. ಬಳಿಕ ಮಂಗಳವಾರದ ಮುಚ್ಚಳಗಳನ್ನು ಒಂದೊಂದು ಆಕೃತಿಯ ಮೇಲೆ ಇಡಿಸಿದರೆ ಚಿತ್ರದಲ್ಲಿ ಬಿಟ್ಟುಹೋದವರು ಯಾರೆಂದು ತಿಳಿಯುತ್ತದೆ. ಒಂದು ಮುಚ್ಚಳ ಉಳಿದರೆ, ಹೆಚ್ಚಿನ ಸಲ ಅದು ಚಿತ್ರ ಬರೆದ ಮಗುವಿನದೇ. ಚಿತ್ರ ಬೇಗ ಮುಗಿಸಿದವರಿಗೆ ಜೇಡಿಮಣ್ಣಿನ ತಟ್ಟೆ ಲೋಟ ಮಾಡುವ ಕೆಲಸ.

ಶನಿವಾರ ಅರ್ಧ ದಿನ. ಯಾರದಾದರೂ ಮನೆಯ ಅಜ್ಜಿಯನ್ನು ತರಗತಿಗೆ ಕರೆದರೆ ಮಕ್ಕಳದು ಒಂದೇ ಪ್ರಶ್ನೆ: ‘ನೀವು ಚಿಕ್ಕೋರಿದ್ದಾಗ ನಿಮ್ಮನೇಲಿ ಎಷ್ಟು ಜನ ಇದ್ರು?’ ಅಜ್ಜಿ ಬೆರಳು ಮಡಿಸುತ್ತಾ ಹೆಸರು ಹೇಳುತ್ತಾರೆ, ಮಕ್ಕಳು ಹೆಸರಿಗೊಂದು ಬೆಂಕಿಪೆಟ್ಟಿಗೆ ಏರಿಸುತ್ತಾರೆ. ಎಂಟು, ಒಂಬತ್ತು, ಹತ್ತು. ಗೋಪುರ ವಾಲುತ್ತದೆ, ಅಜ್ಜಿಯ ಪಟ್ಟಿ ಇನ್ನೂ ಮುಗಿದಿರುವುದಿಲ್ಲ.