ನಲವತ್ತೊಂದು ಮಕ್ಕಳು, ನಲವತ್ತೊಂದು ಸಾಕ್ಷಿಗಳಲ್ಲ

ಆಪ್ತಸಲಹೆಗಾರರು ತರಗತಿಗೇ ಬಂದು, ಒಂದು ಪಿರಿಯಡ್ ವಿಡಿಯೊ ತೋರಿಸಿ ಚರ್ಚಿಸಿದರೆ ಹೆಚ್ಚು ಮಕ್ಕಳು ಮನಸ್ಸಿನ ಕಷ್ಟ ಹೇಳಿಕೊಳ್ಳಲು ಮುಂದಾಗುತ್ತಾರೆಯೇ? 2018ರಲ್ಲಿ ದೆಹಲಿಯ 6 ಶಾಲೆಗಳ 70 ತರಗತಿಗಳಲ್ಲಿ ಇದನ್ನು ಪರೀಕ್ಷಿಸಿದರು. ಯಾವ ತರಗತಿಗೆ ಮೊದಲು, ಯಾವುದಕ್ಕೆ ಆಮೇಲೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. ಸರದಿಗೆ ಕಾಯುತ್ತಿದ್ದ ತರಗತಿಗಳೇ ಹೋಲಿಕೆಗೆ ಒದಗಿದವು. ಈ ಸರದಿ ವಿಧಾನಕ್ಕೆ ಸ್ಟೆಪ್ಡ್ ವೆಜ್ ಎನ್ನುತ್ತಾರೆ.

ಇಲ್ಲಿ ಚೀಟಿ ಎತ್ತಿದ್ದು ತರಗತಿಗೆ, ಮಗುವಿಗಲ್ಲ. ಒಂದೇ ತರಗತಿಯ ಮಕ್ಕಳಿಗೆ ಅದೇ ಮೇಷ್ಟ್ರು, ಅದೇ ಗೆಳೆಯರು. ಒಬ್ಬ ಹೋದರೆ ಪಕ್ಕದವನೂ ಹೋಗುತ್ತಾನೆ. ಈ ಹೋಲಿಕೆಯ ಅಳತೆಯೇ ಗುಂಪಿನೊಳಗಿನ ಸಹಸಂಬಂಧ. ಮಕ್ಕಳು ಪರಸ್ಪರ ಸ್ವತಂತ್ರರಾಗಿದ್ದರೆ ಅದು 0, ಎಲ್ಲರೂ ಒಂದೇ ಥರ ಇದ್ದರೆ 1.

ಲೆಕ್ಕಕ್ಕಾಗಿ ಅದು 0.05 ಎನ್ನೋಣ. 41 ಮಕ್ಕಳ ತರಗತಿಯಲ್ಲಿ 1 + (41 − 1) × 0.05 = 3. ಅಂದರೆ ಅಂಥ 10 ತರಗತಿಗಳ 410 ಮಕ್ಕಳು ಸುಮಾರು 137 ಸ್ವತಂತ್ರ ಮಕ್ಕಳಿಗೆ ಸಮ. ಸರದಿ ವಿಧಾನದಲ್ಲಿ ಪ್ರತಿ ತರಗತಿಯನ್ನು ಅದರ ಹಿಂದಿನ ಸ್ಥಿತಿಯೊಂದಿಗೂ ಹೋಲಿಸುವುದರಿಂದ ಈ ನಷ್ಟ ಸ್ವಲ್ಪ ತಗ್ಗುತ್ತದೆ. ಆದರೆ ಪರೀಕ್ಷೆ ಹತ್ತಿರವಾದಂತೆ ಆತಂಕ ಹೆಚ್ಚಬಹುದು. ಕಾಲದ ಪ್ರಭಾವವನ್ನು ಲೆಕ್ಕದಲ್ಲಿ ಬೇರ್ಪಡಿಸದಿದ್ದರೆ ಅದೂ ಕಾರ್ಯಕ್ರಮದ ಫಲವೆಂದೇ ಕಾಣುತ್ತದೆ.

ದೆಹಲಿಯಲ್ಲಿ ಆಪ್ತಸಲಹೆಗೆ ಹೆಸರು ಬಂದ ಮಕ್ಕಳ ಪ್ರಮಾಣ ತರಗತಿ ಕಾರ್ಯಕ್ರಮವಿದ್ದಾಗ ಶೇ 21.7, ಇಲ್ಲದಾಗ ಶೇ 1.5. ಇಂಥ ವರದಿ ಓದುವಾಗ ಮಕ್ಕಳ ಸಂಖ್ಯೆಗೆ ಮೊದಲು ತರಗತಿಗಳ ಸಂಖ್ಯೆ ನೋಡಿ.